ಆರೋಗ್ಯ ತಪಾಸಣೆಯ ಒಟ್ಟಾರೆ ಫಲಿತಾಂಶವನ್ನು ಸಿಬ್ಬಂದಿಗೆ ಇಮೇಲ್‌ನಲ್ಲಿ ತಿಳಿಸುವುದು ಹೇಗೆ: ಯಾರೊಬ್ಬರ ವರದಿಯೂ ಬಯಲಾಗದಂತೆ

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯೊಂದರಲ್ಲಿ ವಾರ್ಷಿಕ ತಪಾಸಣಾ ಶಿಬಿರ ಮುಗಿದ ಕೂಡಲೇ ಎಲ್ಲರಿಗೂ ಒಂದು ಇಮೇಲ್ ಹೋಯಿತು. 183 ಮಂದಿ ತಪಾಸಣೆ ಮಾಡಿಸಿಕೊಂಡಿದ್ದಾರೆ, ಅವರಲ್ಲಿ 30 ಮಂದಿಗೆ ಸಕ್ಕರೆಯ ಪ್ರಮಾಣ ಮಿತಿ ಮೀರಿದೆ ಎಂದು ಅದರಲ್ಲಿತ್ತು. ಹೆಸರಿಲ್ಲ, ಟೋಕನ್ ಸಂಖ್ಯೆಯಿಲ್ಲ, ಆಕ್ಷೇಪಿಸುವಂಥದ್ದೇನೂ ಕಾಣಲಿಲ್ಲ. ಮರುವಾರ, ಶಿಬಿರದ ದಿನ ರಜೆಯಲ್ಲಿದ್ದ ಒಬ್ಬರು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದರು. ಲೆಕ್ಕ ಸರಿಯಾಗಿರಲಿ ಎಂಬ ಕಾಳಜಿಯಿಂದ ಎಚ್‌ಆರ್ ವಿಭಾಗವು ಪರಿಷ್ಕೃತ ಇಮೇಲ್ ಕಳಿಸಿತು: ಈಗ 184 ಮಂದಿ, ಮಿತಿ ಮೀರಿದವರು 31. ಅಂದು ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಆ ಒಬ್ಬರ ತಟ್ಟೆಯಲ್ಲಿದ್ದ ಪಾಯಸದ ಬಟ್ಟಲಿನ ಕಡೆಗೇ ಎಲ್ಲರ ಕಣ್ಣು. ಗುರುತು ಸಿಗಬಾರದೆಂದು ಅಂಕಿಗಳನ್ನು ಬದಲಿಸಿ ಹೇಳಿದ್ದೇನೆ. ಅನುಕೂಲಕ್ಕಾಗಿ ಈ ಬರಹದುದ್ದಕ್ಕೂ ಇವೇ ಅಂಕಿಗಳನ್ನು ಉದಾಹರಣೆಯಾಗಿ ಬಳಸುತ್ತೇನೆ.

ಹೆಸರು ತೆಗೆದುಹಾಕಿದರೆ ಗೋಪ್ಯತೆ ಉಳಿಯಿತು ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ 1990ರ ದಶಕದ ಅಮೆರಿಕದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರವು ತನ್ನ ನೌಕರರ ಆರೋಗ್ಯ ವಿಮೆಯ ದಾಖಲೆಗಳನ್ನು ಹೆಸರು, ವಿಳಾಸಗಳನ್ನು ತೆಗೆದು ಸಂಶೋಧಕರಿಗೆ ಒದಗಿಸಿತ್ತು. ಆಗ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿಯನ್ನು 20 ಡಾಲರಿಗೆ ಕೊಂಡು, ಜನ್ಮದಿನಾಂಕ, ಲಿಂಗ ಮತ್ತು ಪಿನ್‌ಕೋಡ್ ಈ ಮೂರನ್ನೇ ಹೊಂದಿಸಿ, ರಾಜ್ಯಪಾಲ ವಿಲಿಯಂ ವೆಲ್ಡ್ ಅವರ ವೈದ್ಯಕೀಯ ದಾಖಲೆಯನ್ನೇ ಗುರುತಿಸಿಬಿಟ್ಟರು. ಕಚೇರಿಯೊಳಗಂತೂ ಮತದಾರರ ಪಟ್ಟಿಯೂ ಬೇಕಿಲ್ಲ. ಯಾರು ಯಾವ ವಿಭಾಗ, ಯಾರಿಗೆ ಎಷ್ಟು ವಯಸ್ಸು, ಚಹಾಕ್ಕೆ ಸಕ್ಕರೆ ಬೇಡವೆನ್ನುವವರು ಯಾರು ಎಂಬುದೆಲ್ಲ ಓದುಗರಿಗೆ ಮೊದಲೇ ಗೊತ್ತು. ಆದ್ದರಿಂದ ಇಮೇಲ್ ಬರೆಯುವವರು ಹೆಸರನ್ನು ಮುಚ್ಚಿದರೆ ಸಾಲದು, ಒಂದು ಅಂಕಿಯಿಂದ ಇನ್ನೊಂದನ್ನು ಕಳೆದು ಗುರುತು ಹಿಡಿಯುವ ಲೆಕ್ಕವನ್ನೂ ತಡೆಯಬೇಕು.

ಮೊದಲ ಹಂತ: ಲ್ಯಾಬಿನಿಂದ ಏನು ತರಿಸಿಕೊಳ್ಳಬೇಕು

ಕೆಲಸ ಆರಂಭವಾಗುವುದು ಶಿಬಿರಕ್ಕೆ ಮುಂಚೆ, ಲ್ಯಾಬಿನೊಂದಿಗೆ ಮಾತುಕತೆ ನಡೆಯುವಾಗ. ಸಾಮಾನ್ಯವಾಗಿ ಶಿಬಿರ ಮುಗಿದ ಮೇಲೆ ಲ್ಯಾಬಿನವರು ಎಲ್ಲರ ಫಲಿತಾಂಶವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ತುಂಬಿ ಎಚ್‌ಆರ್ ವಿಭಾಗಕ್ಕೆ ಕಳಿಸಿಬಿಡುತ್ತಾರೆ. ಬಂದ ಮೇಲೆ ಅದನ್ನು ಕಾಪಾಡುವುದಕ್ಕಿಂತ ಬರದಂತೆ ನೋಡಿಕೊಳ್ಳುವುದು ಸುಲಭ. ವೈಯಕ್ತಿಕ ವರದಿ ಆಯಾ ನೌಕರರಿಗೆ ಮತ್ತು ಕಾರ್ಖಾನೆಯ ವೈದ್ಯರಿಗೆ ಮಾತ್ರ ಹೋಗಬೇಕು, ಎಚ್‌ಆರ್ ವಿಭಾಗಕ್ಕೆ ಎಣಿಕೆಗಳು ಮಾತ್ರ ಬರಬೇಕು ಎಂದು ಕೆಲಸದ ಆದೇಶದಲ್ಲೇ ಬರೆಯಿಸಿ. ದೇಹ ಮತ್ತು ಮನಸ್ಸಿನ ಆರೋಗ್ಯ ಸ್ಥಿತಿ, ವೈದ್ಯಕೀಯ ದಾಖಲೆ ಇವನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬಂದ 2011ರ ನಿಯಮಗಳು ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದೇ ಹೆಸರಿಸಿವೆ; ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಎಣಿಕೆ ಸಾಕಾಗುವ ಕಡೆ ಹೆಸರುಳ್ಳ ಪಟ್ಟಿಯನ್ನು ಇಟ್ಟುಕೊಂಡರೆ ಅದರ ಹೊಣೆ ಇಟ್ಟುಕೊಂಡವರ ತಲೆಗೇ ಬರುತ್ತದೆ.

ಎಣಿಕೆ ಕೇಳುವಾಗ ಮಿತಿಗಳನ್ನೂ ನೀವೇ ಬರೆದುಕೊಡಿ. ಇಲ್ಲದಿದ್ದರೆ ಒಂದು ಲ್ಯಾಬಿನ ‘ಹೆಚ್ಚು’ ಇನ್ನೊಂದರ ‘ಹೆಚ್ಚಿ’ಗೆ ಹೊಂದುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮೂರು ತಿಂಗಳ ಸಕ್ಕರೆ ಸರಾಸರಿ, ಅಂದರೆ ಎಚ್‌ಬಿಎ1ಸಿ, ಶೇ 6.5 ಅಥವಾ ಹೆಚ್ಚು ಇದ್ದವರು ಎಷ್ಟು ಮತ್ತು ರಕ್ತದೊತ್ತಡದ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದವರು ಎಷ್ಟು ಎಂದು ಕೇಳಿದ್ದೇವೆ.

ಎರಡನೆಯ ಹಂತ: ಎಣಿಕೆಯನ್ನು ಪರೀಕ್ಷೆಗೆ ಒಡ್ಡುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ, 212 ಮಂದಿ ದುಡಿಯುವ ಬಿಡಿಭಾಗಗಳ ಕಾರ್ಖಾನೆಯೊಂದನ್ನು ಕಲ್ಪಿಸಿಕೊಳ್ಳಿ. ತಪಾಸಣೆಗೆ ಬಂದವರು 184. ವೈದ್ಯರು ಕೊಟ್ಟ ಎಣಿಕೆ ಹೀಗಿದೆ.

| ವಿಭಾಗ | ತಪಾಸಣೆಗೆ ಬಂದವರು | ಸಕ್ಕರೆ ಮಿತಿ ಮೀರಿದವರು | ರಕ್ತದೊತ್ತಡ ಮಿತಿ ಮೀರಿದವರು |
|---|---|---|---|
| ಮೆಷಿನ್ ಶಾಪ್ | 96 | 15 | 24 |
| ಅಸೆಂಬ್ಲಿ | 54 | 9 | 12 |
| ಸ್ಟೋರ್ಸ್ | 21 | 4 | 5 |
| ಕಚೇರಿ | 9 | 2 | 3 |
| ಸೆಕ್ಯುರಿಟಿ | 4 | 1 | 0 |
| ಒಟ್ಟು | 184 | 31 | 44 |

ಈ ಪಟ್ಟಿಯನ್ನು ಇದ್ದಂತೆಯೇ ಕಳಿಸಿದರೆ ಏನಾಗುತ್ತದೆ ನೋಡಿ. ಕಚೇರಿಯ ಒಂಬತ್ತು ಮಂದಿಯಲ್ಲಿ ಇಬ್ಬರಿಗೆ ಸಕ್ಕರೆ ಹೆಚ್ಚಿದೆ. ಆ ಇಬ್ಬರಲ್ಲಿ ಒಬ್ಬರು ತಮ್ಮ ಕಾಯಿಲೆಯನ್ನು ಮುಚ್ಚಿಡದೆ ಎಲ್ಲರೆದುರೇ ಮಾತ್ರೆ ನುಂಗುವವರಾದರೆ, ಇನ್ನೊಬ್ಬರು ಯಾರೆಂಬ ಊಹೆ ಉಳಿದ ಎಂಟು ಕುರ್ಚಿಗಳ ಸುತ್ತಲೇ ತಿರುಗುತ್ತದೆ. ಸೆಕ್ಯುರಿಟಿ ವಿಭಾಗದ ಸೊನ್ನೆಯೂ ನಿರಪಾಯವಲ್ಲ. ಅದು ಆ ನಾಲ್ವರ ರಕ್ತದೊತ್ತಡವನ್ನು ಹೆಸರು ಹಿಡಿದು ಹೇಳಿದಂತೆಯೇ. ನಾಲ್ವರಿಗೂ ಹೆಚ್ಚಿದ್ದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಹೀಗಾಗಿ ಮಿತಿ ಮೀರಿದವರ ಎಣಿಕೆಯಷ್ಟೇ ಅಲ್ಲ, ಮೀರದವರ ಎಣಿಕೆಯೂ ಚಿಕ್ಕದಾಗಿರಬಾರದು.

ಎಷ್ಟಕ್ಕಿಂತ ಚಿಕ್ಕದಾದರೆ ಅಪಾಯ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯ ದತ್ತಾಂಶವನ್ನು ಬಳಸುವವರು 1ರಿಂದ 10ರವರೆಗಿನ ಯಾವ ಎಣಿಕೆಯನ್ನೂ ಪ್ರಕಟಿಸುವಂತಿಲ್ಲ. ಒಬ್ಬರನ್ನೊಬ್ಬರು ಬಲ್ಲ ಕೆಲಸದ ಜಾಗಕ್ಕೆ ನಾನು ಇದೇ ಅಳತೆಯನ್ನು ಇನ್ನಷ್ಟು ಬಿಗಿಮಾಡಿ ಬಳಸುತ್ತೇನೆ: ಗುಂಪಿನಲ್ಲಿ ಕನಿಷ್ಠ 30 ಮಂದಿ ಇರಬೇಕು, ಮಿತಿ ಮೀರಿದವರೂ ಮೀರದವರೂ ತಲಾ 10ಕ್ಕಿಂತ ಹೆಚ್ಚಿರಬೇಕು. ಇದು ಕಾನೂನಿನ ಮಾತಲ್ಲ, ಅನುಭವದಿಂದ ಕಟ್ಟಿಕೊಂಡ ನಿಯಮ.

ಪಟ್ಟಿಯಲ್ಲಿ ನಿಯಮಕ್ಕೆ ಹೊಂದದ ಮನೆಗಳನ್ನು ಮುಚ್ಚಿದರೆ ಆಯಿತಲ್ಲ ಎನ್ನಿಸಬಹುದು. ಸೆಕ್ಯುರಿಟಿಯ ಸಾಲಿನಲ್ಲಿ ಅಂಕಿಯ ಬದಲು ಗೆರೆ ಎಳೆದಿರೆಂದುಕೊಳ್ಳಿ. ಒಟ್ಟು 31ರಿಂದ 15, 9, 4, 2 ಇವನ್ನು ಕಳೆದರೆ ಮುಚ್ಚಿದ 1 ಹೊರಬಂದು ನಿಲ್ಲುತ್ತದೆ. ಒಂದು ಮನೆಯನ್ನು ಮುಚ್ಚಿದರೆ ಅದನ್ನು ಕಾಯಲು ಇನ್ನೊಂದನ್ನಾದರೂ ಮುಚ್ಚಲೇಬೇಕು, ಆಗಲೂ ಮುಚ್ಚಿದವುಗಳ ಮೊತ್ತ ಬಯಲಾಗುತ್ತದೆ. ಸರಿ, ವಿಭಾಗಗಳನ್ನು ಕೂಡಿಸೋಣವೆಂದು ಮೆಷಿನ್ ಶಾಪ್ ಮತ್ತು ಅಸೆಂಬ್ಲಿಯನ್ನು ‘ಉತ್ಪಾದನೆ’ ಎಂದೂ ಉಳಿದವನ್ನು ‘ಇತರೆ’ ಎಂದೂ ಮಾಡಿದರೆ, ಉತ್ಪಾದನೆಯಲ್ಲಿ 150ಕ್ಕೆ 24, ಇತರೆಯಲ್ಲಿ 34ಕ್ಕೆ 7. ಗುಂಪು 30 ದಾಟಿತು, ಆದರೆ 7 ಎಂಬ ಎಣಿಕೆ ದಾಟಲಿಲ್ಲ. ರಕ್ತದೊತ್ತಡದಲ್ಲೂ ಇತರೆಯ ಪಾಲಿಗೆ ಬರುವುದು 8 ಮಾತ್ರ. ಉತ್ಪಾದನೆಯ ಅಂಕಿಯನ್ನಷ್ಟೇ ಒಟ್ಟು ಅಂಕಿಯ ಜೊತೆ ಕೊಟ್ಟರೂ ಕಳೆಯುವ ಲೆಕ್ಕ ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತದೆ. ಹಾಗಾಗಿ ಸಕ್ಕರೆ ಮತ್ತು ರಕ್ತದೊತ್ತಡದ ಮಟ್ಟಿಗೆ ಈ ಕಾರ್ಖಾನೆ ಪ್ರಕಟಿಸಬಹುದಾದದ್ದು ಇಡೀ ಕಾರ್ಖಾನೆಯ ಒಟ್ಟು ಮಾತ್ರ. ಇನ್ನೂರರ ಆಸುಪಾಸಿನ ಸಂಸ್ಥೆಗಳಲ್ಲಿ ಬಹುಪಾಲು ಸಲ ಇದೇ ತೀರ್ಮಾನಕ್ಕೆ ಬರಬೇಕಾಗುತ್ತದೆ, ಮೇಲಧಿಕಾರಿಗಳಿಗೆ ಬಣ್ಣಬಣ್ಣದ ವಿಭಾಗವಾರು ಚಿತ್ರಗಳು ಎಷ್ಟೇ ಇಷ್ಟವಿದ್ದರೂ.

ರಕ್ತಹೀನತೆಯ ಎಣಿಕೆಯೂ ಇದೇ ಬಲೆಗೆ ಬೀಳುತ್ತದೆ. ಒಟ್ಟು 17 ಮಂದಿ, ಅವರಲ್ಲಿ 11 ಮಹಿಳೆಯರು ಎಂದು ಬರೆದರೆ ಗಂಡಸರು 6 ಎಂಬುದು ತಾನಾಗಿ ತಿಳಿಯುತ್ತದೆ. ತಪಾಸಣೆಗೆ ಬಂದ ಮಹಿಳೆಯರೇ 26 ಮಂದಿಯಾದ್ದರಿಂದ ಗುಂಪಿನ ನಿಯಮವೂ ಮುರಿಯುತ್ತದೆ. ಇಂಥ ಕಡೆ ಅಂಕಿಯನ್ನು ಇಡೀ ಕಾರ್ಖಾನೆಗೆ ಕೊಟ್ಟು, ಮಹಿಳೆಯರಿಗೆಂದು ಹೇಳಬೇಕಾದ ಸಲಹೆಯನ್ನು ಅಂಕಿಯಿಲ್ಲದೆ ಬರೆಯುವುದು ವಾಸಿ.

ಇದಕ್ಕೆ ಅಪವಾದವೊಂದಿದೆ, ಅದನ್ನು ಬಿಟ್ಟುಬಿಡಬಾರದು. ಶ್ರವಣ ಪರೀಕ್ಷೆಯನ್ನು ಮೆಷಿನ್ ಶಾಪಿನ 96 ಮಂದಿಗೆ ಮಾತ್ರ ಮಾಡಲಾಗಿದೆ, ಅವರಲ್ಲಿ 19 ಮಂದಿಗೆ 4000 ಹರ್ಟ್ಸ್ ಸುತ್ತ ಕೇಳಿಸುವಿಕೆ ಕುಗ್ಗಿದೆ. ಗದ್ದಲದಿಂದ ಆಗುವ ಹಾನಿ ಮೊದಲು ಕಾಣಿಸಿಕೊಳ್ಳುವುದು ಈ ಭಾಗದಲ್ಲೇ. ಬೇರೆ ವಿಭಾಗಗಳಿಗೆ ಪರೀಕ್ಷೆಯೇ ಇಲ್ಲದ್ದರಿಂದ ಕಳೆಯಲು ಒಟ್ಟು ಅಂಕಿಯಿಲ್ಲ. 19 ಮತ್ತು 77 ಎರಡೂ 10 ದಾಟಿವೆ. ಇಲ್ಲಿ ವಿಭಾಗವನ್ನು ಹೆಸರಿಸಬಹುದು, ಹೆಸರಿಸಲೂ ಬೇಕು, ಏಕೆಂದರೆ ಈ ತೊಂದರೆಯ ಮೂಲ ನೌಕರರ ಮನೆಯಲ್ಲಿಲ್ಲ, ನಮ್ಮ ಯಂತ್ರಗಳ ನಡುವೆ ಇದೆ. ಗದ್ದಲದಿಂದಾದ ಕಿವುಡು ಕಾನೂನಿನ ಪ್ರಕಾರ ವರದಿ ಮಾಡಬೇಕಾದ ವೃತ್ತಿಜನ್ಯ ಕಾಯಿಲೆಗಳ ಪಟ್ಟಿಯಲ್ಲಿದೆ. ಇಮೇಲ್ ಕಳಿಸಿದ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ.

ಕೊನೆಯದಾಗಿ ಅಂಕಿಗಳನ್ನು ಒರಟಾಗಿಸಿ. 184ಕ್ಕೆ 31 ಎಂದರೆ ಶೇ 16.8, ಅಂದರೆ ‘ಸುಮಾರು ಆರು ಮಂದಿಗೆ ಒಬ್ಬರು’. 44 ಎಂದರೆ ಶೇ 23.9, ‘ಸುಮಾರು ನಾಲ್ಕು ಮಂದಿಗೆ ಒಬ್ಬರು’. ಆರಂಭದಲ್ಲಿ ಹೇಳಿದ ಪ್ರಸಂಗದಲ್ಲಿ ಹೀಗೆ ಬರೆದಿದ್ದರೆ ಅನಾಹುತವೇ ಆಗುತ್ತಿರಲಿಲ್ಲ, ಏಕೆಂದರೆ 183ಕ್ಕೆ 30 ಇದ್ದರೂ ಆರು ಮಂದಿಗೆ ಒಬ್ಬರೇ. ತಡವಾಗಿ ಬಂದವರಿಗಾಗಿ ಪರಿಷ್ಕೃತ ಇಮೇಲ್ ಕಳಿಸುವ ಅಗತ್ಯವೂ ಬೀಳುತ್ತಿರಲಿಲ್ಲ.

ಮೂರನೆಯ ಹಂತ: ಬರೆಯುವುದು

ಬರೆಯುವ ಮುನ್ನ ಯಾವುದನ್ನು ಬರೆಯಬಾರದೆಂದು ತೀರ್ಮಾನಿಸಿ. ಅತಿ ಹೆಚ್ಚು, ಅತಿ ಕಡಿಮೆ ಎಂಬ ತುದಿಯ ಅಂಕಿಗಳು ಎಂದಿಗೂ ಒಬ್ಬ ವ್ಯಕ್ತಿಯವೇ ಆಗಿರುತ್ತವೆ. ‘ಒಬ್ಬರ ರಕ್ತದೊತ್ತಡ 200 ದಾಟಿತ್ತು, ಸಕಾಲದಲ್ಲಿ ಆಸ್ಪತ್ರೆಗೆ ಸೇರಿಸಲಾಯಿತು’ ಎಂದು ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಾರೆ. ಆದರೆ ಅಂದು ಸಾಲಿನಲ್ಲಿ ನಿಂತಿದ್ದವರೆಲ್ಲ ಯಾರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರೆಂದು ನೋಡಿರುತ್ತಾರೆ. ಶಿಬಿರದ ಫೋಟೋಗಳನ್ನೂ ಬಿಡಿ. ವಿರಳ ಕಾಯಿಲೆ, ಗರ್ಭಧಾರಣೆ, ಮಾನಸಿಕ ಆರೋಗ್ಯದ ವಿಷಯಗಳು ಎಣಿಕೆಯಾಗಿಯೂ ಬೇಡ. ಎಚ್‌ಐವಿಯ ಮಟ್ಟಿಗೆ 2017ರ ಕಾಯ್ದೆಯೇ ಗೋಪ್ಯತೆಯನ್ನು ಕಡ್ಡಾಯಗೊಳಿಸಿದೆ.

ಪದಗಳ ವಿಷಯದಲ್ಲಿ ಒಂದು ಎಚ್ಚರ. ಶಿಬಿರದಲ್ಲಿ ಒಮ್ಮೆ ಅಳೆದ ರಕ್ತದೊತ್ತಡ ರೋಗನಿರ್ಣಯವಲ್ಲ. ಕಾಫಿ ಕುಡಿದು, ಅರ್ಧ ಗಂಟೆ ಸಾಲಿನಲ್ಲಿ ನಿಂತು ಬಂದವರ ಅಂಕಿ ಮೇಲಕ್ಕೇ ಇರುತ್ತದೆ. ಆದ್ದರಿಂದ ‘ಬಿಪಿ ರೋಗಿಗಳು’, ‘ಸಕ್ಕರೆ ಕಾಯಿಲೆಯವರು’ ಎಂದು ಬರೆಯದೆ ‘ಅಳತೆ ಮಿತಿಗಿಂತ ಹೆಚ್ಚು ಕಂಡುಬಂದವರು’ ಎಂದು ಬರೆಯಿರಿ. ಪ್ರತಿ ಅಂಕಿಯ ಬೆನ್ನಿಗೇ ಸಂಸ್ಥೆ ಏನು ಮಾಡಲಿದೆ ಎಂಬುದಿರಲಿ. ಬರಿಯ ಅಂಕಿ ಕುತೂಹಲ ಕೆರಳಿಸುತ್ತದೆ, ಯಾರು ಯಾರು ಎಂಬ ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ. ಮಾದರಿ ಹೀಗಿದೆ.

> ವಿಷಯ: ಈ ವರ್ಷದ ಆರೋಗ್ಯ ತಪಾಸಣೆ: ಒಟ್ಟಾರೆ ಕಂಡುಬಂದದ್ದು ಮತ್ತು ಮುಂದಿನ ಕ್ರಮ
>
> ಆತ್ಮೀಯ ಸಹೋದ್ಯೋಗಿಗಳೇ,
>
> ಈ ವರ್ಷದ ತಪಾಸಣೆಯಲ್ಲಿ ನಮ್ಮಲ್ಲಿ 180ಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದೀರಿ. ಇಡೀ ಕಾರ್ಖಾನೆಯ ಒಟ್ಟಾರೆ ಫಲಿತಾಂಶವನ್ನು ಇಲ್ಲಿ ತಿಳಿಸುತ್ತಿದ್ದೇವೆ. ಯಾರ ವೈಯಕ್ತಿಕ ವರದಿಯನ್ನೂ ಎಚ್‌ಆರ್ ವಿಭಾಗವಾಗಲಿ ಮೇಲ್ವಿಚಾರಕರಾಗಲಿ ನೋಡಿಲ್ಲ. ಅದು ನಿಮ್ಮ ಬಳಿ ಮತ್ತು ಕಾರ್ಖಾನೆಯ ವೈದ್ಯರ ಬಳಿ ಮಾತ್ರ ಇದೆ. ಕೆಳಗಿನ ಅಂಕಿಗಳನ್ನು ವೈದ್ಯರೇ ಎಣಿಸಿ ಕೊಟ್ಟಿದ್ದಾರೆ. ಚಿಕ್ಕ ಗುಂಪುಗಳಲ್ಲಿ ಗುರುತು ಸಿಗುವ ಸಾಧ್ಯತೆ ಇರುವುದರಿಂದ ರಕ್ತದೊತ್ತಡ ಮತ್ತು ಸಕ್ಕರೆಯ ವಿಭಾಗವಾರು ಅಂಕಿಗಳನ್ನು ಕೊಟ್ಟಿಲ್ಲ.
>
> ತಪಾಸಣೆಗೆ ಬಂದವರಲ್ಲಿ ಸುಮಾರು ನಾಲ್ಕು ಮಂದಿಗೆ ಒಬ್ಬರ ರಕ್ತದೊತ್ತಡ ಅಂದಿನ ಅಳತೆಯಲ್ಲಿ ಮಿತಿಗಿಂತ ಹೆಚ್ಚಿತ್ತು. ಒಂದೇ ಅಳತೆಯಿಂದ ಕಾಯಿಲೆ ಎಂದು ತೀರ್ಮಾನಿಸಲಾಗದು. ಪ್ರಥಮ ಚಿಕಿತ್ಸಾ ಕೊಠಡಿಯಲ್ಲಿ ಯಾರು ಬೇಕಾದರೂ ಕಾರಣ ಹೇಳದೆ ಮತ್ತೆ ಅಳತೆ ಮಾಡಿಸಿಕೊಳ್ಳಬಹುದು.
>
> ಸುಮಾರು ಆರು ಮಂದಿಗೆ ಒಬ್ಬರಲ್ಲಿ ಸಕ್ಕರೆಯ ಪ್ರಮಾಣ ಮಿತಿಗಿಂತ ಹೆಚ್ಚು ಕಂಡುಬಂದಿದೆ. ಮುಂದಿನ ತಿಂಗಳಿನಿಂದ ಕ್ಯಾಂಟೀನಿನಲ್ಲಿ ಎಲ್ಲರಿಗೂ ಸಕ್ಕರೆ ಹಾಕದ ಚಹಾ ಮತ್ತು ಕಾಫಿ ಕೊಟ್ಟು, ಸಕ್ಕರೆಯನ್ನು ಮೇಜಿನ ಮೇಲೆ ಪ್ರತ್ಯೇಕವಾಗಿ ಇಡಲಾಗುವುದು.
>
> ಮೆಷಿನ್ ಶಾಪಿನಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ಐದು ಮಂದಿಗೆ ಒಬ್ಬರಿಗೆ ಕೇಳಿಸುವಿಕೆ ಸ್ವಲ್ಪ ಕುಗ್ಗಿರುವುದು ಕಂಡಿದೆ. ಗದ್ದಲದ ಪ್ರಮಾಣವನ್ನು ಯಂತ್ರವಾರು ಅಳೆಸುತ್ತಿದ್ದೇವೆ. ಎಲ್ಲರಿಗೂ ಹೊಸ ಇಯರ್ ಪ್ಲಗ್‌ಗಳನ್ನು ಕೊಡಲಾಗುವುದು.
>
> ನಿಮ್ಮ ವರದಿಯ ಬಗ್ಗೆ ಮಾತನಾಡಲು ಕಾರ್ಖಾನೆಯ ವೈದ್ಯರು ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ 2ರಿಂದ 4ರವರೆಗೆ ಸಿಗುತ್ತಾರೆ. ದಯವಿಟ್ಟು ಈ ಇಮೇಲ್‌ಗೆ ಉತ್ತರವಾಗಿ ನಿಮ್ಮ ವೈಯಕ್ತಿಕ ವಿವರಗಳನ್ನು ಬರೆಯಬೇಡಿ.

ಇಲ್ಲಿ ಕ್ಯಾಂಟೀನಿನ ಕ್ರಮವನ್ನು ಗಮನಿಸಿ. ‘ಸಕ್ಕರೆ ಹೆಚ್ಚಿರುವವರಿಗೆ ಪ್ರತ್ಯೇಕ ಕೌಂಟರ್’ ಎಂದು ಮಾಡಿದ್ದರೆ ಇಮೇಲ್ ಮುಚ್ಚಿಟ್ಟದ್ದನ್ನು ಕ್ಯಾಂಟೀನ್ ಬಿಚ್ಚಿಡುತ್ತಿತ್ತು. ಮರು ಅಳತೆ, ಇಯರ್ ಪ್ಲಗ್ ಎಲ್ಲವೂ ಅದೇ ರೀತಿ ಎಲ್ಲರಿಗೂ ಇವೆ. ಹಾಗೆಯೇ ಎಚ್‌ಆರ್ ವಿಭಾಗ ವರದಿಗಳನ್ನು ನೋಡಿಲ್ಲ ಎಂಬ ವಾಕ್ಯ ನಿಜವಾಗಿದ್ದರೆ ಮಾತ್ರ ಬರೆಯಿರಿ. ಪಟ್ಟಿ ಈಗಾಗಲೇ ಯಾರ ಕೈಗಾದರೂ ಸಿಕ್ಕಿದ್ದರೆ, ಯಾರಿಗೆ ಮತ್ತು ಏಕೆ ಎಂದು ಹೇಳುವುದೇ ಮೇಲು. ರಕ್ತಹೀನತೆಯನ್ನು ಮಾದರಿಯಲ್ಲಿ ಬಿಟ್ಟಿದ್ದೇನೆ. ಅದಕ್ಕೆ ಸಂಸ್ಥೆ ಏನನ್ನೂ ಮಾಡಲು ಸಿದ್ಧವಿಲ್ಲದಿದ್ದರೆ ಅಂಕಿಯನ್ನು ಕೊಡುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯ ಹಂತ: ಕಳಿಸುವುದು

ಎಕ್ಸೆಲ್ ಕಡತವನ್ನು ಎಂದೂ ಲಗತ್ತಿಸಬೇಡಿ. ಪಿವಟ್ ಪಟ್ಟಿಯಲ್ಲಿ ಒಟ್ಟು ಮಾತ್ರ ಕಾಣುತ್ತದೆ ಎಂದು ಕಳಿಸುತ್ತಾರೆ. ಆದರೆ ‘31’ ಇರುವ ಮನೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಆ 31 ಮಂದಿಯ ಸಾಲುಗಳು ಹೊಸ ಹಾಳೆಯಲ್ಲಿ ತೆರೆದುಕೊಳ್ಳುತ್ತವೆ. ಮೂಲ ಹಾಳೆಯನ್ನು ಅಳಿಸಿದ್ದರೂ ದತ್ತಾಂಶದ ಪ್ರತಿ ಕಡತದೊಳಗೇ ಉಳಿದಿರುತ್ತದೆ. ಎಕ್ಸೆಲ್‌ನಿಂದ ವರ್ಡ್ ಅಥವಾ ಪವರ್‌ಪಾಯಿಂಟಿಗೆ ನಕಲಿಸಿದ ಚಾರ್ಟುಗಳ ಬೆನ್ನಿಗೂ ಇಡೀ ಹಾಳೆ ಅಂಟಿಕೊಂಡು ಬರಬಹುದು. 2023ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೊಟ್ಟ ಎಕ್ಸೆಲ್ ಕಡತದಲ್ಲಿ ಅಡಗಿ ಉಳಿದಿದ್ದ ಒಂದು ಹಾಳೆಯಿಂದ ಒಂಬತ್ತು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ವಿವರ ಹೊರಬಿತ್ತು. ಅಂಕಿಗಳನ್ನು ಇಮೇಲ್‌ನಲ್ಲಿ ಕೈಯಿಂದಲೇ ಬರೆಯಿರಿ. ಚಿತ್ರ ಬೇಕೇ ಬೇಕೆಂದರೆ ಚಾರ್ಟನ್ನು Paste Special ಮೂಲಕ Picture ಆಗಿ ಅಂಟಿಸಿ. ಕಡತವನ್ನು ಕಳಿಸುವುದು ಅನಿವಾರ್ಯವಾದರೆ File > Info > Check for Issues > Inspect Document ಮೂಲಕ ಅಡಗಿದ್ದನ್ನು ಹುಡುಕಿ, ಕಳಿಸುವ ಮುನ್ನ ಬೇರೆ ಕಂಪ್ಯೂಟರಿನಲ್ಲಿ ತೆರೆದು ಪ್ರತಿ ಅಂಕಿಯ ಮೇಲೂ ಕ್ಲಿಕ್ ಮಾಡಿ ನೋಡಿ.

ಇಮೇಲ್ ಎಲ್ಲ ನೌಕರರಿಗೂ ಹೋಗಲಿ, ತಪಾಸಣೆಗೆ ಬಂದವರಿಗಷ್ಟೇ ಅಲ್ಲ. ಬಂದವರಿಗಷ್ಟೇ ಕಳಿಸಿದರೆ ಸ್ವೀಕರಿಸುವವರ ಪಟ್ಟಿಯೇ ಬಂದವರ ಪಟ್ಟಿಯಾಗುತ್ತದೆ. ವಿಳಾಸಗಳನ್ನು Bcc ಸಾಲಿನಲ್ಲಿ ಹಾಕುವುದರಿಂದ ‘ನನ್ನ ವರದಿಯಲ್ಲಿ ಹೀಗಿದೆಯಲ್ಲ’ ಎಂದು ಯಾರಾದರೂ Reply all ಒತ್ತಿದರೂ ಅದು ಎಲ್ಲರಿಗೂ ಹೋಗದು. ವೈಯಕ್ತಿಕ ವರದಿಯನ್ನು ಇದೇ ಇಮೇಲ್‌ಗೆ ಸೇರಿಸಬಾರದು. ಕಾರ್ಖಾನೆಯಲ್ಲಿ ಅನೇಕರಿಗೆ ಇಮೇಲ್ ವಿಳಾಸವೇ ಇರುವುದಿಲ್ಲ. ಅದೇ ಪಠ್ಯವನ್ನು ಒಂದಕ್ಷರವೂ ಬದಲಿಸದೆ ಎಲ್ಲ ಶಿಫ್ಟಿನ ನೋಟಿಸ್ ಬೋರ್ಡಿಗೆ ಹಾಕಿ. ಒಂದೊಂದು ಕಡೆ ಒಂದೊಂದು ಅಂಕಿ ಇದ್ದರೆ ಕಳೆಯಲು ಮತ್ತೆ ಸಾಮಗ್ರಿ ಸಿಕ್ಕಂತಾಗುತ್ತದೆ.

ಕಳಿಸಿದ ಮೇಲೆ

ಒಂದೆರಡು ದಿನದಲ್ಲಿ ಯಾರಾದರೂ ಮ್ಯಾನೇಜರ್ ಬಂದೇ ಬರುತ್ತಾರೆ: ‘ನಮ್ಮ ಸ್ಟೋರ್ಸ್‌ನಲ್ಲಿ ಎಷ್ಟು ಮಂದಿ ಅಂತ ಹೇಳಿ ಸಾರ್, ರಾತ್ರಿ ಪಾಳಿ ಹಂಚುವುದಕ್ಕೆ ಬೇಕಿತ್ತು.’ ಬಾಯಿಮಾತಿನಲ್ಲಿ ಕೊಟ್ಟ ಅಂಕಿಯೂ ಪ್ರಕಟಿಸಿದ ಅಂಕಿಯೇ. ಪಾಳಿಯ ಬಗ್ಗೆ ವೈದ್ಯಕೀಯ ಕಾರಣವಿದ್ದರೆ ವೈದ್ಯರು ನೌಕರರ ಒಪ್ಪಿಗೆ ಪಡೆದು ‘ರಾತ್ರಿ ಪಾಳಿಗೆ ಹಾಕಬಾರದು’ ಎಂಬಷ್ಟನ್ನೇ ಬರೆದುಕೊಡುತ್ತಾರೆ, ಕಾಯಿಲೆಯ ಹೆಸರು ಅದರಲ್ಲಿ ಇರಬೇಕಾಗಿಲ್ಲ.

ಕಳಿಸಿದ ಇಮೇಲ್, ನೋಟಿಸ್, ಆಡಳಿತ ಮಂಡಳಿಗೆ ಕೊಟ್ಟ ಸ್ಲೈಡ್ ಇವುಗಳ ಪ್ರತಿಯನ್ನು ಒಂದೇ ಕಡೆ ಇಟ್ಟುಕೊಳ್ಳಿ. ಮುಂದಿನ ವರ್ಷ ಹೊಸ ಅಂಕಿಗಳನ್ನು ಬರೆಯುವ ಮುನ್ನ ಅವನ್ನು ಪಕ್ಕದಲ್ಲಿಟ್ಟು, ಈ ನಡುವೆ ಕೆಲಸ ಬಿಟ್ಟವರು ಮತ್ತು ಸೇರಿದವರು ಯಾರೆಂದು ನೆನೆದು, ಎರಡು ವರ್ಷಗಳ ಅಂಕಿಗಳ ವ್ಯತ್ಯಾಸದಿಂದ ಅವರಲ್ಲಿ ಯಾರದಾದರೂ ಫಲಿತಾಂಶ ತಿಳಿಯುವಂತಿದೆಯೇ ಎಂದು ಕಳೆದು ನೋಡಿ.